ಮೂರರಲ್ಲೂ OH ಇದೆ, ಆದರೆ ಪಕ್ಕದಲ್ಲಿ ಯಾರಿದ್ದಾರೆ ನೋಡಿ

ಪ್ರಶ್ನೆ: NaOH ಪ್ರಬಲ ಎಲೆಕ್ಟ್ರೊಲೈಟ್, CH₃COOH ದುರ್ಬಲ, C₂H₅OH ಎಲೆಕ್ಟ್ರೊಲೈಟೇ ಅಲ್ಲ ಅಂತ ನೋಟ್ಸ್‌ನಲ್ಲಿದೆ. ಮೂರರ ಕೊನೆಯಲ್ಲೂ OH ಇದೆಯಲ್ಲ! ಬಾಯಿಪಾಠ ಮಾಡದೆ ಫಾರ್ಮುಲಾ ನೋಡಿಯೇ ಗುರುತಿಸೋದು ಹೇಗೆ?

ಸಂಜೆ ಹೊತ್ತು ನಮ್ಮ ಬೀದಿಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಪ್ರತಿ ವರ್ಷವೂ ಯಾರಾದರೂ ಒಬ್ಬರು ಇದೇ OH ಹತ್ತಿರ ಎಡವುತ್ತಾರೆ. OH ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಅದು ಯಾರನ್ನು ಹಿಡಿದುಕೊಂಡಿದೆ ಅನ್ನುವುದು ಮುಖ್ಯ.

ನೀರಿನಲ್ಲಿ ಕರೆಂಟ್ ಹರಿಯಬೇಕಾದರೆ ಅಲ್ಲಿ ಅಯಾನುಗಳು, ಅಂದರೆ ಪ್ಲಸ್ ಅಥವಾ ಮೈನಸ್ ಇರುವ ಕಣಗಳು, ಓಡಾಡುತ್ತಿರಬೇಕು. ನೀರಿನಲ್ಲಿ ಹೀಗೆ ಅಯಾನು ಕೊಡುವ ವಸ್ತುವೇ ಎಲೆಕ್ಟ್ರೊಲೈಟ್. ಹಾಗಾಗಿ ಯಾವ ವಸ್ತುವನ್ನು ಕೊಟ್ಟರೂ ಕೇಳಬೇಕಾದ್ದು ಒಂದೇ: ಇದು ನೀರಿಗೆ ಬಿದ್ದರೆ ಎಷ್ಟು ಪಾಲು ಅಯಾನುಗಳಾಗುತ್ತದೆ?

NaOH ತೆಗೆದುಕೊಳ್ಳಿ. OH ಪಕ್ಕದಲ್ಲಿರುವುದು ಸೋಡಿಯಂ, ಒಂದು ಲೋಹ. ಡಬ್ಬಿಯಲ್ಲಿ ಗಟ್ಟಿಯಾಗಿರುವಾಗಲೇ ಅದು Na⁺ ಮತ್ತು OH⁻ ಆಗಿಯೇ ಇರುತ್ತದೆ. ಅಯಾನುಗಳು ಬಿಗಿಯಾಗಿ ಜೋಡಿಸಿಟ್ಟಂತಿರುವುದರಿಂದ ಅಲ್ಲಾಡಲು ಜಾಗವಿಲ್ಲ, ಅಷ್ಟೆ. ನೀರು ಅವನ್ನು ಹೊಸದಾಗಿ ಮಾಡುವುದಿಲ್ಲ, ಸುಮ್ನೆ ಬಿಡಿಸಿ ಹರಡುತ್ತದೆ. ಕರಗಿದ್ದೆಲ್ಲ ಅಯಾನು. ಅದಕ್ಕೇ ಪ್ರಬಲ.

C₂H₅OH, ಅಂದರೆ ಸ್ಪಿರಿಟ್‌ನಲ್ಲಿರುವ ಆಲ್ಕೊಹಾಲ್, ಬೇರೆ ಕಥೆ. ಇಲ್ಲಿ OH ಹಿಡಿದಿರುವುದು ಕಾರ್ಬನ್ನನ್ನು. ಇಬ್ಬರೂ ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡಿದ್ದಾರೆ, ಯಾರೂ ಯಾರಿಗೂ ಪೂರ್ತಿ ಕೊಟ್ಟಿಲ್ಲ. ಹಾಗಾಗಿ OH⁻ ಬಿಟ್ಟು ಬರುವುದಿಲ್ಲ. ಸರಿ, ತುದಿಯ H ಆದರೂ H⁺ ಆಗಿ ಹೋಗಬಹುದಲ್ಲ? ಹೋದರೆ ಮೈನಸ್ ಪೂರ್ತಿ ಒಂದೇ ಆಕ್ಸಿಜನ್ ತಲೆ ಮೇಲೆ ಬೀಳುತ್ತದೆ. ಆ ಹೊರೆ ಜಾಸ್ತಿ. ಆದ್ದರಿಂದ H ಅಲ್ಲೇ ಇರುತ್ತದೆ. ಆಲ್ಕೊಹಾಲ್ ನೀರಿನಲ್ಲಿ ಚೆನ್ನಾಗಿ ಬೆರೆಯುತ್ತದೆ, ಆದರೆ ಇಡೀ ಇಡೀ ಅಣುಗಳಾಗಿಯೇ ಬೆರೆಯುತ್ತದೆ.

CH₃COOH, ವಿನೆಗರ್‌ನ ಆಮ್ಲ, ಇವೆರಡರ ನಡುವೆ ಇದೆ. ಇಲ್ಲೂ OH ಕಾರ್ಬನ್‌ಗೇ ಅಂಟಿದೆ, ಆದರೆ ಅದೇ ಕಾರ್ಬನ್‌ಗೆ ಇನ್ನೊಂದು ಆಕ್ಸಿಜನ್ ಜೋಡಿಬಂಧದಲ್ಲಿದೆ. COOH ಅನ್ನು ಬಿಡಿಸಿ ಬರೆದು ನೋಡಿ, ಕಾಣುತ್ತದೆ. H ಬಿಟ್ಟು ಹೋದರೆ ಮೈನಸ್ ಹೊರೆಯನ್ನು ಎರಡು ಆಕ್ಸಿಜನ್‌ಗಳು ಹಂಚಿಕೊಳ್ಳುತ್ತವೆ. ಹಾಗಾಗಿ ಕೆಲವು ಅಣುಗಳು H⁺ ಬಿಟ್ಟುಕೊಡುತ್ತವೆ. ಆದರೆ ಬಿಟ್ಟವು ಮತ್ತೆ ಬಂದು ಸೇರಿಕೊಳ್ಳುತ್ತಲೂ ಇರುತ್ತವೆ. 0.1 ಮೋಲಾರ್ ದ್ರಾವಣದಲ್ಲಿ ಯಾವ ಕ್ಷಣ ಎಣಿಸಿದರೂ 1000 ಅಣುಗಳಲ್ಲಿ ಸುಮಾರು 13 ಮಾತ್ರ ಒಡೆದಿರುತ್ತವೆ. ಉಳಿದ 987 ಇಡಿಯಾಗಿಯೇ ಇರುತ್ತವೆ. ದುರ್ಬಲ ಅನ್ನುವುದು ಇದಕ್ಕೇ.

ಈಗ ಬೇರೆ ಫಾರ್ಮುಲಾ ಬಂದರೆ ನಾನು ಹೀಗೆ ನೋಡುತ್ತೇನೆ. ಮೊದಲು ಲೋಹ ಅಥವಾ NH₄ ಇದೆಯಾ ಅಂತ ಹುಡುಕುತ್ತೇನೆ. ಇದ್ದರೆ ಪ್ರಬಲ: ಉಪ್ಪು, ಅಡುಗೆ ಸೋಡಾ, ಮೈಲುತುತ್ತ, ಪೊಟ್ಯಾಷ್ ಗೊಬ್ಬರ ಎಲ್ಲ ಇಲ್ಲೇ ಬಂತು. (ಮರ್ಕ್ಯುರಿಕ್ ಕ್ಲೋರೈಡ್‌ನಂಥ ಒಂದೆರಡು ಈ ಮಾತು ಕೇಳುವುದಿಲ್ಲ. ಶಾಲೆಯಲ್ಲಿ ಅವನ್ನು ಕೇಳುವುದು ಅಪರೂಪ.) ಲೋಹ ಇಲ್ಲದಿದ್ದರೆ, ಆಮ್ಲವಾ ಅಂತ ನೋಡುತ್ತೇನೆ. ಇಲ್ಲಿ ಸ್ವಲ್ಪ ಬಾಯಿಪಾಠ ತಪ್ಪಿದ್ದಲ್ಲ: HCl, HBr, HI, HNO₃, H₂SO₄, HClO₄ ಪ್ರಬಲ. ನಿಮ್ಮ ಪಾಠದಲ್ಲಿ ಬರುವ ಉಳಿದ ಆಮ್ಲಗಳು ಹೆಚ್ಚುಕಡಿಮೆ ಎಲ್ಲ ದುರ್ಬಲ. ನಿಂಬೆಹಣ್ಣಿನ ಸಿಟ್ರಿಕ್ ಆಮ್ಲವೂ ದುರ್ಬಲವೇ. ಆಮ್ಲವೂ ಅಲ್ಲದಿದ್ದರೆ ಅಮೋನಿಯಾ ಬಳಗವಾ ಅಂತ ಕೇಳಬೇಕು. NH₃ ನೀರಿನಿಂದ ಒಂದು H⁺ ಎಳೆದುಕೊಂಡು NH₄⁺ ಆಗುತ್ತದೆ, ಆದರೆ ಕೆಲವೇ ಅಣುಗಳು. ಅದೂ ದುರ್ಬಲ. ಪುಸ್ತಕದಲ್ಲಿ NH₄OH ಅಂತ ಬರೆಯುವುದು ಈ ಅಮೋನಿಯಾ ದ್ರಾವಣವನ್ನೇ, ಹಾಗಾಗಿ ಅಲ್ಲಿ NH₄ ಕಂಡರೂ ಪ್ರಬಲ ಅನ್ನಬೇಡಿ. ಯಾವುದಕ್ಕೂ ಸೇರದ ಸಕ್ಕರೆ, ಗ್ಲೂಕೋಸ್, ಗ್ಲಿಸರಿನ್, ಯೂರಿಯಾ ಎಲೆಕ್ಟ್ರೊಲೈಟ್ ಅಲ್ಲ. ಯೂರಿಯಾದಲ್ಲಿ ನೈಟ್ರೋಜನ್ ನೋಡಿ ಅಮೋನಿಯಾ ಬಳಗಕ್ಕೆ ಸೇರಿಸುವವರು ಬಹಳ. ಅಲ್ಲಿ ಪಕ್ಕದ C=O ನೈಟ್ರೋಜನ್‌ನ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಎಳೆದುಕೊಂಡಿರುತ್ತದೆ. ಹಾಗಾಗಿ H⁺ ಹಿಡಿಯಲು ಅದಕ್ಕೆ ಕೈ ಖಾಲಿ ಇರುವುದಿಲ್ಲ.

ಇನ್ನೊಂದು ಗೊಂದಲ: ‘ಪ್ರಬಲ’ ಅಂದರೆ ಚೆನ್ನಾಗಿ ಕರಗುವುದು ಅಂತ ಅಲ್ಲ, ಕೈ ಸುಡುವುದು ಅಂತಲೂ ಅಲ್ಲ. ಸುಣ್ಣದ ನೀರಿನಲ್ಲಿ Ca(OH)₂ ಕರಗುವುದು ಸ್ವಲ್ಪವೇ. ಆದರೆ ಕರಗಿದ್ದಷ್ಟೂ ಅಯಾನು, ಹಾಗಾಗಿ ಪ್ರಬಲ. HF ಗಾಜನ್ನೇ ಕೊರೆಯುತ್ತದೆ, ಆದರೂ ದುರ್ಬಲ. H–F ಬಂಧ ಬಹಳ ಗಟ್ಟಿ, ಸುಲಭಕ್ಕೆ ಬಿಡುವುದಿಲ್ಲ.

ಕಣ್ಣಾರೆ ನೋಡಬೇಕಾದರೆ 9 ವೋಲ್ಟ್ ಬ್ಯಾಟರಿ, ಒಂದು ಎಲ್‌ಇಡಿ, 330 ಓಮ್ ರೆಸಿಸ್ಟರ್, ಪೆನ್ಸಿಲ್ ಒಳಗಿನ ಎರಡು ಕಪ್ಪು ಕಡ್ಡಿ ಸಾಕು. ಎಲ್ಲವನ್ನೂ ಒಂದೇ ಸಾಲಿನಲ್ಲಿ ಜೋಡಿಸಿ, ಕಡ್ಡಿಗಳನ್ನು ದ್ರಾವಣದಲ್ಲಿ ಒಂದಕ್ಕೊಂದು ತಾಗದಂತೆ ಅದ್ದಿ. ಉಪ್ಪುನೀರಾದರೆ ಎರಡು ಮೂರು ಸೆಕೆಂಡಿಗೇ ಎತ್ತಿಬಿಡಿ, ಸ್ವಲ್ಪ ಕ್ಲೋರಿನ್ ಬರುತ್ತದೆ. ಗೋಡೆಯ ಪ್ಲಗ್ಗಿನ ಕರೆಂಟ್ ಮಾತ್ರ ಯಾವ ಕಾರಣಕ್ಕೂ ಬೇಡ.

ಮೊದಲ ಸಲ ಮಕ್ಕಳ ಮುಂದೆ ಇದನ್ನು ಮಾಡಿ ನಾನೇ ಪೇಚಿಗೆ ಸಿಕ್ಕಿಕೊಂಡಿದ್ದೆ. ಸಕ್ಕರೆ ನೀರಿಗೆ ಕಡ್ಡಿ ಅದ್ದಿದೆ, ಎಲ್‌ಇಡಿ ಮಿಣಕ್ ಅಂತು! ‘ಸಾರ್, ಸಕ್ಕರೆಲಿ ಕರೆಂಟ್ ಹೋಗಲ್ಲ ಅಂದಿದ್ರಿ’ ಅಂತ ಹಿಂದಿನಿಂದ ಒಬ್ಬ ಕೂಗಿದ. ತಪ್ಪು ಸಕ್ಕರೆಯದಲ್ಲ. ನಾನು ಬಳಸಿದ್ದು ಬೋರ್‌ವೆಲ್ ನೀರು, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಬೇಕಾದಷ್ಟು. ಬರೀ ಆ ನೀರಿಗೆ ಅದ್ದಿದರೂ ಅಷ್ಟೇ ಬೆಳಕು ಬಂತು. ಆಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದೆ. ಈಗ ಮೊದಲು ಬರೀ ನೀರನ್ನು ನೋಡಿ, ಪ್ರತಿ ಸಲ ಕಡ್ಡಿ ತೊಳೆದು, ಆಮೇಲೆ ದ್ರಾವಣಕ್ಕೆ ಹೋಗುತ್ತೇನೆ. ಉಪ್ಪಿಗೆ ಜೋರು ಬೆಳಕು, ವಿನೆಗರ್‌ಗೆ ಮಂಕು, ಸಕ್ಕರೆಗೆ ಕತ್ತಲು. ಹೋಲಿಸುವಾಗ ಕಡ್ಡಿಗಳ ನಡುವಿನ ಅಂತರ ಒಂದೇ ಇರಲಿ, ದ್ರಾವಣವೂ ಹೆಚ್ಚುಕಡಿಮೆ ಒಂದೇ ಗಾಢತೆಯದ್ದಾಗಿರಲಿ. ಉಪ್ಪು ಒಂದೆರಡು ಹರಳು ಮಾತ್ರ ಹಾಕಿದರೆ ಅದೂ ಮಂಕಾಗಿಯೇ ಕಾಣುತ್ತದೆ, ಅದರಿಂದ ಉಪ್ಪು ದುರ್ಬಲ ಅಂತಾಗುವುದಿಲ್ಲ.

ನಿಮ್ಮ ಶಾಲೆಯ ಲ್ಯಾಬ್‌ನಲ್ಲಿ ಅಮೋನಿಯಾ ದ್ರಾವಣ ಇದ್ದರೆ ಟೀಚರ್ ಕೈಲಿ ಒಂದು ಮಾಡಿಸಿ ನೋಡಿ. ವಿನೆಗರ್ ಒಂದೇ ಇದ್ದಾಗ ಮಂಕು, ತೆಳು ಅಮೋನಿಯಾ ಒಂದೇ ಇದ್ದಾಗಲೂ ಮಂಕು. ಎರಡನ್ನೂ ಸೇರಿಸಿದರೆ ಬೆಳಕು ಏರುತ್ತದೆ. ಆಮ್ಲದ H⁺ ಅಮೋನಿಯಾಗೆ ಹೋಗಿ CH₃COO⁻ ಮತ್ತು NH₄⁺ ಆಗಿರುತ್ತವೆ. ಅದರ ಫಾರ್ಮುಲಾ CH₃COONH₄. NH₄ ಈ ಸಲ ಕೊನೆಯಲ್ಲಿ ಕೂತಿದೆ, ಮುಂದೆ ಮಾತ್ರ ಹುಡುಕಿದರೆ ಸಿಗುವುದಿಲ್ಲ.