ಎರಡು ತಾಕು ಹಾಳಾಗಿವೆ, ವರದಿಯಲ್ಲಿ ಬಿಡಬಹುದಾ?

ಪ್ರಶ್ನೆ: ಕುಮಟಾ ಹತ್ತಿರ ಗುಡ್ಡದ ಮೇಲೆ ಐದು ತಾಕು ಮಾಡಿ, ತಾಕಿಗೆ 200ರಂತೆ 1000 ಸಸಿ ನೆಟ್ಟು ಎರಡು ವರ್ಷ ಲೆಕ್ಕ ಇಟ್ಟಿದ್ದೇವೆ. ಮೂರು ತಾಕಿನಲ್ಲಿ 148, 131, 122 ಇವೆ. ಉಳಿದೆರಡರಲ್ಲಿ 31, 38 ಅಷ್ಟೇ. ಆ ಎರಡನ್ನು ಬಿಟ್ಟು ಶೇಕಡ 67 ಅಂತ ತೋರಿಸಿ, 'ಮಳೆ ಕೊರತೆಯಿಂದ ಎರಡು ತಾಕು ಕೈಬಿಡಲಾಗಿದೆ' ಅಂತ ಒಂದು ಸಾಲು ಹಾಕಿದ್ರೆ ಆಗ್ತದಾ? ದುಡ್ಡು ಕೊಟ್ಟವರು ಮುಂದಿನ ಕಂತು ನಿಲ್ಲಿಸ್ತಾರೇನೋ ಅಂತ ಭಯ.

ಉತ್ತರ: ಆಗುವುದಿಲ್ಲ. ಪ್ರತಿ ಜೂನ್‌ನಲ್ಲೂ ಇದೇ ಪ್ರಶ್ನೆ ಬೇರೆ ಬೇರೆ ಊರಿನ ಹೆಸರಲ್ಲಿ ಬರುತ್ತದೆ. ಅದಕ್ಕೇ ಈ ಸಲ ಜಾಸ್ತಿ ಜಾಗ ಇದಕ್ಕೇ ಕೊಟ್ಟಿದ್ದೇನೆ. ನೀವು ಹಣ ತಂದದ್ದು ಬರೀ ಸಸಿ ನೆಡುವುದಕ್ಕಲ್ಲ, ನೆಟ್ಟದ್ದರಲ್ಲಿ ಎಷ್ಟು ಉಳಿಯುತ್ತವೆ ಅಂತ ನೋಡುವುದಕ್ಕೆ. ಸತ್ತ ತಾಕನ್ನು ತೆಗೆದುಹಾಕಿದರೆ ನೋಡಿದ್ದೇನು?

ಎಣಿಕೆ ಪುಸ್ತಕದ ಫೋಟೊ ಕಳಿಸಿದ್ದು ಒಳ್ಳೆಯದಾಯಿತು. ಅದರಲ್ಲಿ ನಿಮ್ಮ ಪತ್ರದಲ್ಲಿಲ್ಲದ ಒಂದು ವಿಷಯ ಇದೆ. ಮೊದಲ ಮೂರು ತಾಕಿನಲ್ಲಿ ಕೆಲವು ನಂಬರಿನ ಮುಂದೆ 'ಬ' ಅಂತ ಬರೆದಿದ್ದೀರಿ. ಅಂದರೆ ಬದಲಿ ಸಸಿ. ಎರಡನೇ ಮಳೆಗಾಲದಲ್ಲಿ ಸತ್ತ ಜಾಗಕ್ಕೆ 90 ಹೊಸ ಸಸಿ ಹಾಕಿದ್ದೀರಿ, ಈಗ ಅದರಲ್ಲಿ 61 ಇವೆ. ಮೂರು ತಾಕಿನಲ್ಲಿ ಅನುಕ್ರಮವಾಗಿ 30, 20, 11. ಇವನ್ನೂ ಸೇರಿಸಿಯೇ 148, 131, 122 ಆಗಿದೆ. ಇವು ಎರಡು ವರ್ಷ ಬದುಕಿದ ಸಸಿಗಳಲ್ಲ, ಒಂದೇ ಬೇಸಿಗೆ ಕಂಡವು. ಅವನ್ನು ಕಳೆದರೆ ಮೊದಲು ನೆಟ್ಟದ್ದರಲ್ಲಿ ಉಳಿದದ್ದು 118, 111, 111. ಹಾಳಾದ ಎರಡು ತಾಕಿನ 31 ಮತ್ತು 38 ಕೂಡಿಸಿದರೆ 409. ನೆಟ್ಟದ್ದು 1000. ಶೇಕಡ 41. ನಿಮ್ಮ 67 ಎಲ್ಲಿ, ಈ 41 ಎಲ್ಲಿ! ಬದಲಿ ಸಸಿಗೆ ಬೇರೆ ಸಾಲು ಹಾಕಿ: ನೆಟ್ಟದ್ದು 90, ಒಂದು ವರ್ಷದ ನಂತರ ಇರುವುದು 61. ಎರಡನ್ನೂ ಕಲಸಬೇಡಿ.

41 ಅಂತ ಬರೆದು ಸುಮ್ನಾದರೂ ಸಾಲದು. ನಿಮ್ಮ ಗುಡ್ಡದಲ್ಲಿ ಶೇಕಡ 41 ಉಳಿದ ತಾಕು ಒಂದೂ ಇಲ್ಲ. ಮೂರು ತಾಕು 55ರಿಂದ 59ರ ನಡುವೆ ಇವೆ, ಎರಡು 20ರ ಕೆಳಗೆ ಇವೆ. ಸರಾಸರಿ ನೋಡಿದವರು ಎಲ್ಲ ಕಡೆಯೂ ಅರ್ಧಂಬರ್ಧ ಆಗಿದೆ ಅಂದುಕೊಳ್ಳುತ್ತಾರೆ. ಆದದ್ದು ಹಾಗಲ್ಲ. ಆದ್ದರಿಂದ ಐದೂ ತಾಕಿನ ಲೆಕ್ಕ ಬೇರೆ ಬೇರೆಯಾಗಿ ಮೊದಲ ಪುಟದಲ್ಲೇ ಬರಲಿ, ಒಟ್ಟು ಮೊತ್ತ ಅದರ ಕೆಳಗೆ.

ಈಗ 'ಮಳೆ ಕೊರತೆ'ಗೆ ಬರೋಣ. ಈ ಪದ ಕಂಡರೆ ನನಗೆ ಸಿಟ್ಟು ಬರುತ್ತದೆ. ಗಿಡ ಯಾಕೆ ಸತ್ತಿತು ಅಂತ ನೋಡದವರು ಬರೆಯುವ ಪದ ಅದು. ನೀವು ಅಕ್ಟೋಬರ್ ಮತ್ತು ಮೇ, ವರ್ಷಕ್ಕೆ ಎರಡು ಸಲ ಎಣಿಸಿದ್ದೀರಿ. ಅಕ್ಟೋಬರ್ ಎಣಿಕೆ ಮಳೆಗಾಲದಲ್ಲಿ ಸತ್ತದ್ದನ್ನು ಹೇಳುತ್ತದೆ, ಮೇ ಎಣಿಕೆ ಬೇಸಿಗೆಯಲ್ಲಿ ಸತ್ತದ್ದನ್ನು. ನಾಲ್ಕನೇ ತಾಕು ನೋಡಿ. ಜೂನ್‌ನಲ್ಲಿ 200 ನೆಟ್ಟಿರಿ, ಮೊದಲ ಅಕ್ಟೋಬರ್‌ಗೇ 74. ಆಮೇಲೆ ಮೇ ತಿಂಗಳಲ್ಲಿ 38, ಮತ್ತೆ 33, ಈಗ 31. ಅಂದರೆ 126 ಸಸಿ ಸತ್ತದ್ದು ಸುರಿಯುವ ಮಳೆಯಲ್ಲೇ. ನೀರಿಲ್ಲದೆ ಸತ್ತವು ಅಂತ ಯಾರಿಗೆ ಹೇಳುತ್ತೀರಿ?

ಆ ತಾಕು ಗುಡ್ಡದ ನೆತ್ತಿಯ ಮೇಲೆ ಸಪಾಟು ಜಾಗದಲ್ಲಿದೆ. ಕೆಳಗೆ ಚಿರೆಕಲ್ಲಿನ ಹಾಸು. ನಮ್ಮ ಕರಾವಳಿ ಗುಡ್ಡಗಳಲ್ಲಿ ಮೇಲೆ ಒಂದು ಗೇಣು ಕೆಂಪು ಮಣ್ಣು ಇರುತ್ತದೆ, ಅಡಿಯಲ್ಲಿ ಗಟ್ಟಿ ಕಲ್ಲು. ಅದನ್ನು ಹಾರೆಯಲ್ಲಿ ಒಡೆದು ಒಂದೂವರೆ ಅಡಿ ಗುಂಡಿ ತೆಗೆದರೆ ನೀವು ಮಾಡಿದ್ದು ಕಲ್ಲಿನ ಬೋಗುಣಿ. ಜುಲೈ ಮಳೆಗೆ ಸುತ್ತಲಿನ ನೀರೆಲ್ಲ ಬಂದು ಅದರಲ್ಲಿ ನಿಲ್ಲುತ್ತದೆ, ಇಳಿಯಲು ದಾರಿ ಇಲ್ಲ. ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಹೀಗೆ ಸತ್ತ ಸಸಿಯನ್ನು ಆಗಲೇ ಕಿತ್ತು ನೋಡಿದ್ದರೆ ಬೇರು ಕಪ್ಪಾಗಿ ಮೆತ್ತಗಿರುತ್ತಿತ್ತು. ಬೆರಳಲ್ಲಿ ಎಳೆದರೆ ಬೇರಿನ ಸಿಪ್ಪೆ ಕಳಚಿಕೊಂಡು ಬರುತ್ತಿತ್ತು, ಕೆಸರಿನ ನಾತ ಇರುತ್ತಿತ್ತು. ಒಣಗಿ ಸತ್ತದ್ದಾದರೆ ಬೇರು ಗಟ್ಟಿಯಾಗಿ ಲಟಕ್ಕನೆ ಮುರಿಯುತ್ತದೆ.

ಎರಡು ವರ್ಷವಾದ ಮೇಲೆ ಬೇರು ಸಿಗುವುದಿಲ್ಲ. ಆದರೆ ಪ್ರತಿ ಸಸಿಯ ಬಿಲ್ಲೆ ನಂಬರು ಇದೆಯಲ್ಲ! ನೀವು ಸಾಲಿಗೆ 20ರಂತೆ ಹತ್ತು ಸಾಲು ನೆಟ್ಟಿದ್ದೀರಿ. ಬದುಕಿದ 31ರಲ್ಲಿ 24 ಸಸಿಗಳ ನಂಬರು 161ರಿಂದ 200ರ ಒಳಗಿದೆ. ಕೊನೆಯ ಎರಡು ಸಾಲು. ನಿಮ್ಮ ನಕ್ಷೆಯಲ್ಲಿ ಆ ಸಾಲುಗಳು ಇಳಿಜಾರಿನ ಅಂಚಿನಲ್ಲಿವೆ, ನೀರು ಹರಿದುಹೋಗುವ ಕಡೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ಈ ನಕ್ಷೆಯನ್ನೇ ವರದಿಗೆ ಅಂಟಿಸಿ, ಬದುಕಿದ್ದಕ್ಕೆ ಹಸಿರು ಚುಕ್ಕಿ, ಸತ್ತದ್ದಕ್ಕೆ ಕೆಂಪು ಚುಕ್ಕಿ ಇಟ್ಟು.

ಐದನೇ ತಾಕಿನ ಕಥೆಯೇ ಬೇರೆ. ಅಲ್ಲಿ ಮೊದಲ ಅಕ್ಟೋಬರ್‌ನಲ್ಲಿ 186 ಇದ್ದವು. ಮಣ್ಣು ಚೆನ್ನಾಗಿದೆ, ಸಸಿಯೂ ಗಟ್ಟಿ ಇತ್ತು. ಮೇ ತಿಂಗಳಿಗೆ 49ಕ್ಕೆ ಇಳಿಯಿತು. ಬೇಸಿಗೆ ಒಣಗಿಸಿತು ಅಂತ ಬರೆಯುವ ಆಸೆ ಆಗುತ್ತದೆ, ಆದರೆ ಜಾತಿವಾರು ಪುಟ ತೆಗೆಯಿರಿ. ಹಲಸು, ಹೊನ್ನೆ, ನೇರಳೆ, ಸುರಹೊನ್ನೆ ತಲಾ 50 ಹಾಕಿದ್ದಿರಿ. ಈಗ ಉಳಿದ 38ರಲ್ಲಿ ಸುರಹೊನ್ನೆ 33, ನೇರಳೆ 5. ಹಲಸು, ಹೊನ್ನೆ ಒಂದೂ ಇಲ್ಲ. ಬಿಸಿಲು ಹೀಗೆ ಆರಿಸಿ ಆರಿಸಿ ಕೊಲ್ಲುವುದಿಲ್ಲ. ಬೆಂಕಿಯೂ ಅಲ್ಲ, ಬೆಂಕಿಯಾಗಿದ್ದರೆ ಸುರಹೊನ್ನೆಯನ್ನೂ ಬಿಡುತ್ತಿರಲಿಲ್ಲ. ಹಲಸಿನ ಸೊಪ್ಪು ದನಕ್ಕೆ ಹಬ್ಬ, ಹೊನ್ನೆ ಸೊಪ್ಪೂ ಬಿಡುವುದಿಲ್ಲ. ಸುರಹೊನ್ನೆಯ ದಪ್ಪ ಎಲೆಗೆ ಅವು ಬಾಯಿ ಹಾಕುವುದಿಲ್ಲ. ಭತ್ತದ ಕೊಯ್ಲು ಮುಗಿದ ಮೇಲೆ ಊರಿನ ದನ ಬಿಡುತ್ತಾರೆ ಅಂತ ನಿಮಗೆ ಗೊತ್ತಿಲ್ಲದ್ದೇನಲ್ಲ. ನಿಮ್ಮ ಮುಳ್ಳಿನ ಬೇಲಿ ಡಿಸೆಂಬರ್‌ಗೆ ಏನಾಗಿತ್ತು ಅಂತ ಪುಸ್ತಕದಲ್ಲಿ ಒಂದಕ್ಷರ ಇಲ್ಲ. ಆ ಬೇಲಿ ಯಾವಾಗ ಬಿತ್ತು, ಯಾರು ನೋಡಿದರು ಅಂತ ವಿಚಾರಿಸಿ ಬರೆಯಿರಿ. ದನದವರನ್ನು ಬೈದು ಬರೆಯಬೇಡಿ. ಬಯಲಲ್ಲಿ ದನ ಮೇಯುವುದು ಮೊದಲಿಂದ ಇದೆ, ನಿಮ್ಮ ಸಸಿ ಆಮೇಲೆ ಬಂದದ್ದು.

ಹಾಗಾದರೆ ವರದಿಯಲ್ಲಿ ಹೀಗೆ ಬರೆಯಿರಿ: 'ನಾಲ್ಕನೇ ತಾಕಿನಲ್ಲಿ 200ಕ್ಕೆ 31 ಉಳಿದಿವೆ. 126 ಸಸಿ ಮೊದಲ ಮಳೆಗಾಲದಲ್ಲೇ ಸತ್ತವು. ಉಳಿದವುಗಳಲ್ಲಿ ಹೆಚ್ಚಿನವು ಇಳಿಜಾರಿನ ಅಂಚಿನಲ್ಲಿವೆ. ಚಿರೆಕಲ್ಲಿನ ಹಾಸಿನಲ್ಲಿ ಗುಂಡಿಯೊಳಗೆ ನೀರು ನಿಂತು ಬೇರು ಕೊಳೆತದ್ದು ಕಾರಣ ಎಂದು ನಮ್ಮ ಅಂದಾಜು. ಬೇರು ಪರೀಕ್ಷೆ ಮಾಡಿಲ್ಲ. ಐದನೇ ತಾಕಿನಲ್ಲಿ 38 ಉಳಿದಿವೆ. ಹೆಚ್ಚಿನ ನಷ್ಟ ಮೊದಲ ಅಕ್ಟೋಬರ್ ಮತ್ತು ಮೇ ನಡುವೆ ಆಗಿದೆ. ದನ ಮೇಯುವ ಜಾತಿಗಳು ಪೂರ್ತಿ ಹೋಗಿವೆ.' ಇಷ್ಟೇ. 'ಅಂದಾಜು' ಅನ್ನುವ ಪದ ತೆಗೆಯಬೇಡಿ, ಬೇರು ನೋಡಿಲ್ಲ ಅನ್ನುವುದನ್ನೂ ತೆಗೆಯಬೇಡಿ. ದುಃಖ, ವಿಷಾದ ಯಾವುದೂ ಬೇಡ.

ಇದರ ಕೆಳಗೆ ಮುಂದೇನು ಅಂತ ಹೇಳಿ, ಅದಕ್ಕೆ ಎಷ್ಟು ಹಣ ಅಂತಲೂ ಹೇಳಿ. ನಾಲ್ಕನೇ ತಾಕಿನ ನೆತ್ತಿಯಲ್ಲಿ ಮತ್ತೆ ಅದೇ ಗುಂಡಿಗೆ ಸಸಿ ಹಾಕುವ ಯೋಚನೆ ಇದ್ದರೆ ಬಿಡಿ. ಜೋರು ಮಳೆ ನಿಂತ ಮಾರನೇ ಬೆಳಿಗ್ಗೆ ಹೋಗಿ ನೋಡಿ. ಗುಂಡಿಯಲ್ಲಿ ಇನ್ನೂ ನೀರು ಇದ್ದರೆ ಅಲ್ಲಿ ನೆಡಬಾರದು. ಮಣ್ಣು ಏರಿಸಿ ದಿಬ್ಬದ ಮೇಲೆ ಒಂದೆರಡು ಸಾಲು ನೆಟ್ಟು ನೋಡಬಹುದು, ಅದನ್ನೂ ಪ್ರಯೋಗ ಅಂತಲೇ ಬರೆದು. ಐದನೇ ತಾಕಿಗೆ ಸಸಿಗಿಂತ ಮೊದಲು ಬೇಲಿಗೆ ಮತ್ತು ನವೆಂಬರ್‌ನಿಂದ ಮೇವರೆಗೆ ಕಾಯುವವರ ಕೂಲಿಗೆ ದುಡ್ಡು ಕೇಳಿ.

ಕಂತು ನಿಲ್ಲಿಸಿದರೆ ಅಂತ ಕೇಳಿದ್ದೀರಿ. ನಿಲ್ಲಿಸಲೂಬಹುದು, ನಾನು ಭರವಸೆ ಕೊಡುವುದಿಲ್ಲ. ಆದರೆ ಅವರು ಒಬ್ಬರನ್ನು ಕಳಿಸಿ ನೆತ್ತಿಯ ತಾಕು ತೋರಿಸಿ ಅಂದರೆ ಏನು ಮಾಡುತ್ತೀರಿ? 67 ಅಂತ ಬರೆದ ಮೇಲೆ ಆ ಗುಡ್ಡ ಹತ್ತಿಸುವ ಧೈರ್ಯ ಇದೆಯಾ?

ಪ್ರಶ್ನೆ: ಡ್ರೋನ್ ಫೋಟೊದಲ್ಲಿ ತಾಕು ಪೂರ್ತಿ ಹಸಿರು ಕಾಣ್ತದೆ. ಆದ್ರೂ ಒಂದೊಂದೇ ಎಣಿಸಬೇಕಾ?

ಉತ್ತರ: ಆ ಹಸಿರು ಕಮ್ಯುನಿಸ್ಟ್ ಗಿಡ ಅನ್ನುವ ಕಳೆಯದ್ದು. ಎಣಿಸಿ.

ಪ್ರಶ್ನೆ: ಬೇರಿಗೆ ಹಾಕುವ ಒಂದು ಪುಡಿ ಮಾರಲು ಬಂದವರು ನೂರಕ್ಕೆ 95 ಸಸಿ ಉಳಿಯುತ್ತದೆ ಅನ್ನುತ್ತಾರೆ. ಶಿರಸಿಯಲ್ಲಿ ನಮ್ಮ ಮುಂದಿನ ವರ್ಷದ ಯೋಜನೆಗೆ ಸೇರಿಸಬಹುದಾ?

ಉತ್ತರ: ಅದೇ ತಾಕಿನಲ್ಲಿ ಪುಡಿ ಹಾಕದ ಸಸಿ ಎಷ್ಟು ಉಳಿದವು ಅಂತ ಅವರನ್ನು ಕೇಳಿ. ಉತ್ತರ ಬಂದರೆ ನನಗೂ ತಿಳಿಸಿ, ಇವತ್ತಿನವರೆಗೆ ಯಾರೂ ಕೊಟ್ಟಿಲ್ಲ.

ಪ್ರಶ್ನೆ: ಕಾಡುಜಾತಿ ಬಿಟ್ಟು ಅಕೇಶಿಯಾ ಹಾಕಿದ್ರೆ ಎಲ್ಲ ಬದುಕ್ತಿತ್ತು ಅಂತ ಊರಿನವರು ನಗ್ತಾರೆ. ಏನು ಹೇಳಲಿ?

ಉತ್ತರ: ಜಾಸ್ತಿ ಬದುಕುತ್ತಿತ್ತು, ನಿಜ. ನಿಮ್ಮ ಅಧ್ಯಯನ ಅಕೇಶಿಯಾದ್ದಲ್ಲ ಅಂತ ಹೇಳಿ.

ಪ್ರಶ್ನೆ: ಮಾರ್ಚ್‌ನಲ್ಲಿ ಎಣಿಸಿದಾಗ ಹೊನ್ನೆ ಸಸಿ ಎಲೆ ಇಲ್ಲದೆ ಕಡ್ಡಿಯಾಗಿತ್ತು, ಸತ್ತದ್ದು ಅಂತ ಬರೆದೆವು. ಮಳೆ ಬಿದ್ದ ಮೇಲೆ ಕೆಲವು ಚಿಗುರಿವೆ. ಈಗ ಸಂಖ್ಯೆ ಹೆಚ್ಚಾದರೆ ಸುಳ್ಳು ಲೆಕ್ಕ ಅಂತಾರಲ್ವಾ?

ಉತ್ತರ: ಹೊನ್ನೆ, ಮತ್ತಿ ಬೇಸಿಗೆಯಲ್ಲಿ ಎಲೆ ಉದುರಿಸುವ ಜಾತಿ. ಎಲೆ ನೋಡಿ ಸಾವು ಬರೆಯಬಾರದು. ಕಾಂಡದ ಬುಡದಲ್ಲಿ, ಮಣ್ಣಿಗೆ ತಾಗಿದ ಕಡೆ, ಉಗುರಿನಿಂದ ಸಿಪ್ಪೆ ಸ್ವಲ್ಪ ಕೆರೆಯಿರಿ. ಒಳಗೆ ಹಸಿರು, ಹಸಿ ಇದ್ದರೆ ಜೀವ ಇದೆ. ಕಂದು ಬಣ್ಣದಲ್ಲಿ ಒಣಗಿದ್ದರೂ ಕೂಡಲೇ ತೀರ್ಮಾನ ಮಾಡಬೇಡಿ. ತುದಿ ಸತ್ತು ಬುಡದಿಂದ ಚಿಗುರುವುದುಂಟು. 'ಅನುಮಾನ' ಅಂತ ಮೂರನೇ ಕಲಂ ಹಾಕಿ, ಮಳೆ ಬಿದ್ದು ತಿಂಗಳಾದ ಮೇಲೆ ಆ ನಂಬರುಗಳನ್ನಷ್ಟೇ ಮತ್ತೆ ನೋಡಿ. ಬಿಲ್ಲೆ ಇದ್ದರೂ ಸಸಿಯೇ ಸಿಗದಿದ್ದರೆ 'ಸಿಕ್ಕಿಲ್ಲ' ಅಂತ ಬೇರೆ ಬರೆಯಿರಿ. ಕಳೆ ಕೊಯ್ಯುವಾಗ ಕತ್ತಿಗೆ ಸಿಕ್ಕಿ ಹೋದವೇ ಅದರಲ್ಲಿ ಜಾಸ್ತಿ ಇರುತ್ತವೆ. ಹಳೆ ಪುಟ ಅಳಿಸಬೇಡಿ. ಪಕ್ಕದಲ್ಲಿ ಹೊಸ ತಾರೀಖು ಹಾಕಿ ತಿದ್ದಿ ಸಹಿ ಮಾಡಿ. ಮಾರ್ಚ್‌ನಲ್ಲಿ 'ಸತ್ತದ್ದು' ಅಂತ ಬರೆದವುಗಳಲ್ಲಿ ಇಷ್ಟು ಸಸಿ ಚಿಗುರಿವೆ ಅಂತ ವರದಿಯಲ್ಲೂ ಒಂದು ಸಾಲು ಹಾಕಿ.