ಆಪರೇಷನ್ ಸೂಚನೆಯ ಅನುವಾದದಲ್ಲಿ ಒಂದು ಕ್ರಿಯಾಪದದ ಎಡವಟ್ಟು

ಪ್ರಶ್ನೆ: ಮಷೀನ್ ಮಾಡಿದ ವೈದ್ಯಕೀಯ ಅನುವಾದ ಓದೋಕೆ ಸರಾಗವಾಗೇ ಇರುತ್ತಲ್ಲ, ತಪ್ಪು ಎಲ್ಲಿ ಆಗುತ್ತೆ? ಹಿಡಿಯೋದು ಹೇಗೆ?

ಅಪಾಯದ ತಪ್ಪುಗಳು ರೋಗದ ಹೆಸರಲ್ಲಷ್ಟೇ ಅಲ್ಲ, ಸಾಮಾನ್ಯ ಕ್ರಿಯಾಪದಗಳಲ್ಲೂ ಆಗುತ್ತವೆ. ದಿನಬಳಕೆಯಲ್ಲಿ ಒಂದು ಅರ್ಥ, ಆಸ್ಪತ್ರೆಯಲ್ಲಿ ಇನ್ನೊಂದು ಇರುವ ಪದಕ್ಕೆ ಮಷೀನ್ ಹೆಚ್ಚು ಬಳಕೆಯ ಅರ್ಥವನ್ನೇ ಹಚ್ಚಿಬಿಡಬಹುದು.

ಉದಾಹರಣೆಗೆ, ಹುಬ್ಬಳ್ಳಿಗೆ ಆಪರೇಷನ್‌ಗೆ ಬರುವ ಗದಗ ಕಡೆಯ ರೋಗಿಯ ಚೀಟಿಯಲ್ಲಿ 'ಹೋಲ್ಡ್ ವಾರ್ಫರಿನ್, 5 ದಿನ ಮೊದಲು' ಎಂದಿದೆ ಅನ್ನಿ. ಇಲ್ಲಿ 'ಹೋಲ್ಡ್' ಅಂದರೆ ತಾತ್ಕಾಲಿಕವಾಗಿ ನಿಲ್ಲಿಸುವುದು. ಅನುವಾದ 'ವಾರ್ಫರಿನ್ ಹಿಡಿದುಕೊಳ್ಳಿ' ಎಂದು ಬಂದರೆ ರೋಗಿ ಗುಳಿಗೆ ನುಂಗುತ್ತಲೇ ಇರಬಹುದು.

ವೈದ್ಯಕೀಯ ಗೊತ್ತಿರುವವರು ಮೊದಲು ಇಂಗ್ಲಿಷ್ ಮುಚ್ಚಿಟ್ಟು ಕನ್ನಡವನ್ನಷ್ಟೇ ಓದಿ, 'ಇದನ್ನು ಓದಿ ರೋಗಿ ಏನು ಮಾಡುತ್ತಾನೆ?' ಎಂದು ಕೇಳಿಕೊಳ್ಳುತ್ತಾರೆ. ವಾರ್ಫರಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ. ಅದರ ಪರಿಣಾಮ ಇಳಿಯಲು ದಿನಗಳೇ ಬೇಕು. ದೊಡ್ಡ ಆಪರೇಷನ್‌ಗೆ ಮುಂಚೆ ಅದನ್ನು ಮುಂದುವರಿಸಿದರೆ ರಕ್ತಸ್ರಾವದ ಭಯ. ಹಾಗಾಗಿ ಆ ಸಾಲು ಅಲ್ಲೇ ಚುಚ್ಚುತ್ತದೆ.

ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡುವುದನ್ನು ನಾನಂತೂ ನಂಬುವುದಿಲ್ಲ. 'ಹಿಡಿದುಕೊಳ್ಳಿ' ಎಂಬುದು 'ಹೋಲ್ಡ್' ಎಂದೇ ವಾಪಸ್ ಬರಬಹುದು, ಆಗ ತಪ್ಪು ಮುಚ್ಚಿಹೋಗುತ್ತದೆ.

'ನಿಲ್ಲಿಸಿ' ಎಂದು ತಿದ್ದಿದರೂ ಸಾಲದು. '5 ದಿನ ಮೊದಲು' ಅಂದರೆ ಆ ಒಂದು ದಿನ ಮಾತ್ರವೋ, ಅಲ್ಲಿಂದ ಪೂರ್ತಿಯೋ? 20ಕ್ಕೆ ಆಪರೇಷನ್ ಇದ್ದರೆ ಹೀಗೆ ಬರೆಯಬೇಕು: 'ಕೊನೆಯ ಗುಳಿಗೆ 14ಕ್ಕೆ. 15ರಿಂದ 19ರವರೆಗೆ ಬೇಡ. ಮತ್ತೆ ಯಾವಾಗ ಶುರು ಮಾಡಬೇಕೆಂದು ಡಾಕ್ಟರ್ ಹೇಳುತ್ತಾರೆ.' ತಾರೀಖನ್ನು ಚೀಟಿ ಬರೆದ ಡಾಕ್ಟರರಿಂದಲೇ ಖಚಿತಪಡಿಸಿಕೊಳ್ಳಬೇಕು. ಅದು ಪರಿಶೀಲಕರ ಊಹೆಗೆ ಬಿಟ್ಟದ್ದಲ್ಲ.