ಅವಿವಾಹಿತ ಮಗನ ಸಾವು: ಗುಣಕ ಯಾರ ವಯಸ್ಸಿಗೆ?

ರಬಕವಿಯಲ್ಲಿ ಸ್ವಂತ ಮಗ್ಗ ನಡೆಸಿ ತಿಂಗಳಿಗೆ 15,000 ಗಳಿಸುತ್ತಿದ್ದ, 26 ವರ್ಷದ, ಮದುವೆಯಾಗದ ತಮ್ಮ ಲಾರಿ ಬಡಿದು ತೀರಿಕೊಂಡ. ಅವ್ವನ ವಯಸ್ಸು 52. ಅದಕ್ಕೇ ಪರಿಹಾರದ ಲೆಕ್ಕದಲ್ಲಿ ವರ್ಷದ ನಷ್ಟವನ್ನು ಗುಣಿಸುವ ಸಂಖ್ಯೆಯಾದ ಗುಣಕ 11 ಎನ್ನುತ್ತಾರೆ ವಿಮೆಯವರು. ಸರಿಯೇ?

ಸರಿಯಲ್ಲ. ಗುಣಕಕ್ಕೆ ಮೃತನ ವಯಸ್ಸೇ ಆಧಾರವೆಂದು ಸುಪ್ರೀಂ ಕೋರ್ಟ್ 2017ರ ಪ್ರಣಯ್ ಸೇಥಿ ತೀರ್ಪಿನಲ್ಲಿ ಹೇಳಿದೆ. 26ಕ್ಕೆ ಗುಣಕ 17. ಸ್ವಂತ ದುಡಿಮೆಯ 40ರೊಳಗಿನವರಿಗೆ ಭವಿಷ್ಯದ ಗಳಿಕೆಯೆಂದು ಶೇ. 40 ಸೇರಿಸಿದರೆ 21,000 ಆಗುತ್ತದೆ. ಅವಿವಾಹಿತನಾದ್ದರಿಂದ ಸ್ವಂತ ಖರ್ಚಿಗೆ ಅರ್ಧ ಕಳೆದು ಉಳಿದ 10,500ನ್ನು 12ರಿಂದಲೂ 17ರಿಂದಲೂ ಗುಣಿಸಿದರೆ ಅವಲಂಬನೆಯ ನಷ್ಟ 21,42,000 ರೂಪಾಯಿ. ಗುಣಕ 11 ಒಪ್ಪಿದರೆ ಅವ್ವ 7,56,000 ಕಳೆದುಕೊಳ್ಳುತ್ತಾರೆ.

ಚಾಲಕನ ತಪ್ಪು ಸಾಬೀತುಪಡಿಸದೆಯೇ ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ 5 ಲಕ್ಷ ಸಿಗುತ್ತದೆ. ಆದರೆ ಅದನ್ನು ಸ್ವೀಕರಿಸಿದರೆ ಮೇಲಿನ ಲೆಕ್ಕದಂತೆ ಪರಿಹಾರ ಕೇಳುವ 166ನೇ ಕಲಮಿನ ಅರ್ಜಿ ಬಿದ್ದುಹೋಗುವುದರಿಂದ, ಲಾರಿಯವನ ತಪ್ಪಿಗೆ ಸಾಕ್ಷಿಯಿದ್ದರೆ ದಯವಿಟ್ಟು ಅವಸರದಲ್ಲಿ ಸಹಿ ಹಾಕಿಸಬೇಡಿ.